ಟ್ರಯಲ್‌ಗೆ ಬಂದ ಅಂಗಡಿ ದುಡ್ಡು ಕಟ್ಟದೆ ಹೋದದ್ದು ಯಾವ ಹಂತದಲ್ಲಿ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಮಂಗಳೂರು, ಉಡುಪಿ ಕಡೆಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಒಂದು ಸಣ್ಣ ತಂಡ ಇದೆ ಎಂದುಕೊಳ್ಳಿ. 14 ದಿನ ಉಚಿತ ಟ್ರಯಲ್. ಸೇರುವಾಗ ಕಾರ್ಡ್ ಕೇಳುವುದಿಲ್ಲ. ಆಮೇಲೆ ತಿಂಗಳಿಗೆ 499 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಮಾರ್ಚ್‌ನಲ್ಲಿ ಸೇರಿದ 400 ಅಂಗಡಿಗಳು ಎಲ್ಲೆಲ್ಲಿ ಉಳಿದವು, ಎಲ್ಲೆಲ್ಲಿ ಕಳಚಿಕೊಂಡವು ಎಂಬುದು ಕೆಳಗಿದೆ. ಅಂಕಿಗಳು ಉದಾಹರಣೆಗಾಗಿ ಮಾಡಿಕೊಂಡವು. ಕೈಪಿಡಿಯ ಉದ್ದಕ್ಕೂ ಇದೇ ಲೆಕ್ಕವನ್ನು ಬಿಡಿಸುತ್ತ ಹೋಗುತ್ತೇವೆ.

| ಹಂತ | ಅಂಗಡಿಗಳು | ಹಿಂದಿನ ಹಂತದಿಂದ ದಾಟಿದವರು |
|---|---|---|
| ಸೈನ್‌ಅಪ್ | 400 | – |
| ಒಟಿಪಿ ಹಾಕಿದರು | 372 | 93% |
| 10 ಸರಕು ಸೇರಿಸಿದರು | 208 | 56% |
| ಮೊದಲ ಬಿಲ್ ಮಾಡಿದರು | 171 | 82% |
| 3 ಬೇರೆ ಬೇರೆ ದಿನ ಬಿಲ್ ಮಾಡಿದರು | 118 | 69% |
| ಪಾವತಿ ಪುಟ ತೆರೆದರು | 96 | 81% |
| 'ಪಾವತಿಸಿ' ಒತ್ತಿದರು | 71 | 74% |
| ದುಡ್ಡು ಬಂತು | 34 | 48% |

ಒಟ್ಟು 400ಕ್ಕೆ 34, ಅಂದರೆ 8.5%. ಎಲ್ಲರ ಕಣ್ಣು ಮೊದಲು ಬೀಳುವುದು 372ರಿಂದ 208ಕ್ಕೆ ಇಳಿದ ಜಾಗದ ಮೇಲೆ, ಯಾಕೆಂದರೆ ಅಲ್ಲಿ 164 ಅಂಗಡಿಗಳು ಒಮ್ಮೆಲೇ ಹೋಗಿವೆ. ಅಲ್ಲಿ ದೋಷ ಇರಬಹುದು. ಆದರೆ ಸುಮ್ಮನೆ ನೋಡಿ ಹೋಗಲು ಬಂದವರು ಉದುರುವುದೂ ಸಾಮಾನ್ಯವಾಗಿ ಆರಂಭದ ಹಂತಗಳಲ್ಲೇ. ಇಳಿತ ಎಷ್ಟು ದೊಡ್ಡದು ಎಂಬುದರಿಂದ ದೋಷ ತಿಳಿಯುವುದಿಲ್ಲ. ಒಂದೇ ರೀತಿ ದಾಟಬೇಕಾಗಿದ್ದ ಎರಡು ಗುಂಪುಗಳಲ್ಲಿ ಒಂದು ದಾಟಿ ಇನ್ನೊಂದು ಎಲ್ಲಿ ನಿಂತಿತು ಎಂಬುದನ್ನು ಹುಡುಕಬೇಕು.

## ಕೈ ಹಾಕುವ ಮೊದಲು

ಲೆಕ್ಕವನ್ನು ಡೇಟಾಬೇಸಿನ ಓದಲು ಮಾತ್ರ ಬರುವ ಪ್ರತಿಯ ಮೇಲೆ ಮಾಡಿ. ಅಂಗಡಿಗಳು ಬಿಲ್ ಮಾಡುತ್ತಿರುವ ಮೂಲ ಡೇಟಾಬೇಸಿನ ಮೇಲೆ ಬೆಳಿಗ್ಗೆ ಹನ್ನೊಂದಕ್ಕೆ ಭಾರೀ ಕ್ವೆರಿ ಓಡಿಸಿದರೆ ಹಂಪನಕಟ್ಟೆಯ ಯಾವುದೋ ಕೌಂಟರಿನಲ್ಲಿ ಬಿಲ್ ಸಿಕ್ಕಿಹಾಕಿಕೊಳ್ಳುತ್ತದೆ. ಮೊಬೈಲ್ ನಂಬರ್, ಹೆಸರು, ಬಿಲ್ಲಿನ ಮೊತ್ತ ಇವುಗಳನ್ನು ಶೀಟಿಗೆ ಇಳಿಸಬೇಡಿ. ಈ ಕೆಲಸಕ್ಕೆ ಅಂಗಡಿಯ ಐಡಿ, ಹಂತ, ಸಮಯ ಮತ್ತು ಸಾಧನ ಗೊತ್ತಿದ್ದರೆ ಸಾಕು. ಪತ್ತೆ ಮುಗಿಯುವವರೆಗೆ ಬೆಲೆ ಬದಲಿಸುವುದು, ಎಲ್ಲರ ಟ್ರಯಲನ್ನು ಒಂದು ವಾರ ಮುಂದೂಡುವುದು ಬೇಡ. ನಡುವೆ ಹಾಗೆ ಮಾಡಿದರೆ ಮೊದಲಿನ ಲೆಕ್ಕವನ್ನೂ ನಂತರದ್ದನ್ನೂ ಹೋಲಿಸಲು ಬರುವುದಿಲ್ಲ.

## ಲಕ್ಷಣ: "ಈ ತಿಂಗಳು ಇದ್ದಕ್ಕಿದ್ದಂತೆ ಕುಸಿದಿದೆ"

ಮೊದಲು ಕ್ಯಾಲೆಂಡರ್ ನೋಡಿ, ಖರ್ಚಿಲ್ಲದ ಪರೀಕ್ಷೆ ಇದು. ಮಾರ್ಚ್ ತಿಂಗಳ ಲೆಕ್ಕವನ್ನು ಏಪ್ರಿಲ್ 5ಕ್ಕೆ ತೆಗೆದರೆ, ಮಾರ್ಚ್ 22ರ ನಂತರ ಸೇರಿದವರ 14 ದಿನ ಇನ್ನೂ ಮುಗಿದೇ ಇಲ್ಲ. ಅವರನ್ನು 'ಕಟ್ಟದವರು' ಎಂದು ಎಣಿಸಿದರೆ ಪ್ರತಿ ತಿಂಗಳೂ ಹೊಸ ತಿಂಗಳೇ ಕೆಟ್ಟದಾಗಿ ಕಾಣುತ್ತದೆ. ಮಾರ್ಚ್ 31ಕ್ಕೆ ಸೇರಿದವರ ಟ್ರಯಲ್ ಮುಗಿಯುವುದು ಏಪ್ರಿಲ್ 14ಕ್ಕೆ. ತಡವಾಗಿ ಕಟ್ಟುವವರಿಗೆ ಇನ್ನೊಂದು ವಾರ ಕೊಟ್ಟು, ಏಪ್ರಿಲ್ 21ರ ನಂತರವೇ ಮಾರ್ಚ್ ಗುಂಪಿನ ಲೆಕ್ಕ ಮುಚ್ಚಿ. ಹೋಲಿಸುವ ಎಲ್ಲಾ ತಿಂಗಳುಗಳಿಗೂ ಇದೇ ಅಳತೆ ಇರಲಿ.

ಆಮೇಲೆ ಋತು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ಮಲ್ಪೆಯ ಮೀನಿನ ವ್ಯಾಪಾರಿ, ಐಸ್ ಪ್ಲಾಂಟಿನವರು ಬಿಡುವಾಗಿದ್ದಾಗಲೇ ಹೊಸ ಸಾಫ್ಟ್‌ವೇರ್ ನೋಡುತ್ತಾರೆ. ಸೇರುತ್ತಾರೆ, ಸರಕನ್ನೂ ಹಾಕುತ್ತಾರೆ, ಬಿಲ್ ಮಾತ್ರ ಆಗುವುದಿಲ್ಲ. ಬಿಲ್ ಮಾಡಲು ಮೀನೇ ಇಲ್ಲ. 14 ದಿನ ಖಾಲಿ ಕಳೆದು ಟ್ರಯಲ್ ಸತ್ತುಹೋಗುತ್ತದೆ. ಜೂನ್ ಗುಂಪಿನಲ್ಲಿ ಮೀನಿಗೆ ಸಂಬಂಧಪಟ್ಟವರನ್ನು ಬೇರೆ ತೆಗೆದು ನೋಡಿ. ಉಳಿದ ಅಂಗಡಿಗಳು ಎಂದಿನಂತೆಯೇ ದಾಟಿದ್ದರೆ ಸಾಫ್ಟ್‌ವೇರಿನಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ. ಇಂಥವರ ಟ್ರಯಲನ್ನು ಸೇರಿದ ದಿನದಿಂದ ಎಣಿಸುವ ಬದಲು ಮೊದಲ ಬಿಲ್ಲಿನಿಂದ ಎಣಿಸುವುದೇ ಸರಿಯಾದ ಮದ್ದು.

ಇನ್ನೊಂದು, ಸಂಖ್ಯೆ ಸಣ್ಣದಿದ್ದರೆ ಶೇಕಡಾ ಲೆಕ್ಕ ಕುಣಿಯುತ್ತದೆ. ಒಂದು ಹಂತಕ್ಕೆ 100 ಜನ ಬಂದಿದ್ದರೆ, ಅಲ್ಲಿ ಕಾಣುವ ಶೇಕಡಾ ಸುಮಾರು 10 ಅಂಶ ಆಚೀಚೆ ಆಗುವುದು ಬರೀ ಆಕಸ್ಮಿಕದಿಂದಲೂ ಸಾಧ್ಯ. ಕಳೆದ ತಿಂಗಳು 52 ಇದ್ದದ್ದು ಈ ತಿಂಗಳು 48 ಆಯಿತೆಂದು ಮೀಟಿಂಗ್ ಕರೆಯಬೇಕಾಗಿಲ್ಲ.

## ಲಕ್ಷಣ: ಅಂಕಿಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ

ಪಾವತಿ ಪುಟ ತೆರೆದವರಿಗಿಂತ 'ಪಾವತಿಸಿ' ಒತ್ತಿದವರೇ ಹೆಚ್ಚು ಎಂದು ಚಾರ್ಟ್ ತೋರಿಸಿದರೆ, ಅಥವಾ ಫನಲ್, ಅಂದರೆ ಮೇಲಿನಂಥ ಹಂತಗಳ ಪಟ್ಟಿ, ಹೇಳುವ ಚಂದಾದಾರರು 41 ಆಗಿದ್ದು ಬ್ಯಾಂಕಿಗೆ ದುಡ್ಡು ಬಂದದ್ದು 34 ಅಂಗಡಿಗಳಿಂದ ಆಗಿದ್ದರೆ, ಮೊದಲು ಅಳತೆಯನ್ನು ಸರಿಮಾಡಿ. ಅದಕ್ಕೂ ಮುಂಚೆ ಬೇರೇನನ್ನೂ ನಂಬಬೇಡಿ.

ಸಾಮಾನ್ಯ ಕಾರಣ ಎಂದರೆ ಅಂಗಡಿಗಳನ್ನು ಎಣಿಸುವ ಬದಲು ಕ್ಲಿಕ್ಕುಗಳನ್ನು ಎಣಿಸಿರುವುದು. ಒಬ್ಬ ಮೂರು ಸಲ ಒತ್ತಿದರೆ ಮೂರು ಆಗುತ್ತದೆ. ಒಂದೇ ಅಂಗಡಿಯವರು ಕೌಂಟರಿನ ಕಂಪ್ಯೂಟರಿನಿಂದ ಒಮ್ಮೆ, ಮೊಬೈಲಿನಿಂದ ಒಮ್ಮೆ ಬಂದರೆ ಇಬ್ಬರು ಬೇರೆ ಬೇರೆ ಬಳಕೆದಾರರಾಗಿ ಕಾಣಿಸುವುದೂ ಉಂಟು. ಬ್ರೌಸರಿನಿಂದ ಕಳಿಸುವ ಇವೆಂಟುಗಳು ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ನಿಂದಲೋ, ಕೈಕೊಟ್ಟ ನೆಟ್‌ವರ್ಕಿನಿಂದಲೋ ಕಳೆದುಹೋಗುತ್ತವೆ. ಆದ್ದರಿಂದ ಬಿಲ್ ಉಳಿಸಿದ್ದು, ಸರಕು ಸೇರಿಸಿದ್ದು ಇಂಥವನ್ನು ಸರ್ವರಿನ ದಾಖಲೆಯಿಂದಲೇ ತೆಗೆಯಿರಿ, ದುಡ್ಡು ಬಂದದ್ದನ್ನು ಪೇಮೆಂಟ್ ಗೇಟ್‌ವೇಯ ಲೆಕ್ಕದಿಂದ ತೆಗೆಯಿರಿ. ನಿಮ್ಮ ತಂಡದವರದೇ ಪರೀಕ್ಷೆಯ ಖಾತೆಗಳನ್ನು ತೆಗೆದುಹಾಕಿ. ಒಂದು ಅಂಗಡಿಗೆ ಒಂದೇ ಸಾಲು, ಪ್ರತಿ ಹಂತಕ್ಕೆ ಮೊದಲ ಸಲ ತಲುಪಿದ ಸಮಯ, ಇಷ್ಟು ಇದ್ದರೆ ಮುಂದಿನದೆಲ್ಲ ಸುಲಭ:

```sql
SELECT shop_id,
  MIN(event_time) FILTER (WHERE event = 'signup')      AS signup_at,
  MIN(event_time) FILTER (WHERE event = 'bill_saved')  AS bill_at,
  MIN(event_time) FILTER (WHERE event = 'pay_clicked') AS pay_click_at,
  MIN(event_time) FILTER (WHERE event = 'paid')        AS paid_at
FROM events
GROUP BY shop_id;
```

ಇದು ಪೋಸ್ಟ್‌ಗ್ರೆಸ್‌ನ ಬರಹ. ಉಳಿದ ಹಂತಗಳಿಗೂ ಹೀಗೆಯೇ ಒಂದೊಂದು ಸಾಲು ಸೇರಿಸಿ, ಸೇರುವಾಗಿನ ಊರು, ವ್ಯಾಪಾರದ ಬಗೆ, ಪಾವತಿ ಒತ್ತಿದ ಸಾಧನ ಇವನ್ನೂ ಜೋಡಿಸಿ `trial_steps` ಎಂಬ ಹೆಸರಿನಲ್ಲಿ ಇಟ್ಟುಕೊಳ್ಳಿ.

ನಮ್ಮ ಕಡೆ ವಿಶೇಷವಾಗಿ ಕಾಡುವ ಇನ್ನೊಂದು ದೋಷ ಸಮಯದ್ದು. ಸರ್ವರ್ ಯುಟಿಸಿಯಲ್ಲಿ ಓಡುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಂಗಳೂರಿನ ದಕ್ಕೆಯಲ್ಲಿ ಬೆಳಗಿನ ಜಾವ 4:30ಕ್ಕೆ ಒಂದು ಬಿಲ್, 6:30ಕ್ಕೆ ಇನ್ನೊಂದು ಬಿಲ್ ಮಾಡಿದ ವ್ಯಾಪಾರಿಯನ್ನು ಯುಟಿಸಿ ಎರಡು ದಿನ ಬಿಲ್ ಮಾಡಿದವನೆಂದು ಎಣಿಸುತ್ತದೆ. ಮೊದಲನೆಯದು ಅದಕ್ಕೆ ಹಿಂದಿನ ದಿನದ ರಾತ್ರಿ 11, ಎರಡನೆಯದು ಮರುದಿನದ 1 ಗಂಟೆ. ಹಾಗಾಗಿ "3 ಬೇರೆ ದಿನ" ಎಂಬ ಹಂತವನ್ನು ಎರಡೇ ದಿನ ಬಂದವರೂ ದಾಟಿಬಿಡುತ್ತಾರೆ. ಅವರು ದುಡ್ಡು ಕಟ್ಟದೇ ಹೋದಾಗ 'ಚೆನ್ನಾಗಿ ಬಳಸಿಯೂ ಕಟ್ಟಲಿಲ್ಲ' ಎಂಬ ತಪ್ಪು ತೀರ್ಮಾನ ಹುಟ್ಟುತ್ತದೆ. ದಿನವನ್ನು ಹೀಗೆ ತೆಗೆಯಿರಿ:

```sql
(event_time AT TIME ZONE 'Asia/Kolkata')::date
```

ಕಾಲಮ್ `timestamptz` ಬಗೆಯದ್ದಾಗಿದ್ದರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ.

## ಲಕ್ಷಣ: ಒಟಿಪಿಯಲ್ಲೇ ನಿಲ್ಲುತ್ತಾರೆ

400ರಲ್ಲಿ 28 ಜನ ಇಲ್ಲಿ ಹೋಗಿದ್ದಾರೆ. ಇದು ಆತಂಕದ ಸಂಖ್ಯೆಯಲ್ಲ, ತಪ್ಪು ನಂಬರ್ ಹಾಕಿದವರು ಯಾವಾಗಲೂ ಇರುತ್ತಾರೆ. ಒಂದು ದಿನದಿಂದ ಮುಂದಕ್ಕೆ ಇಳಿತ ಥಟ್ಟನೆ ಹೆಚ್ಚಿದ್ದರೆ, ಆ ದಿನ ಎಸ್‌ಎಂಎಸ್ ವಾಕ್ಯವನ್ನು ಯಾರಾದರೂ ತಿದ್ದಿದ್ದಾರೆಯೇ ಕೇಳಿ. ವಾಣಿಜ್ಯ ಎಸ್‌ಎಂಎಸ್‌ಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸಿದ ಟೆಂಪ್ಲೇಟಿಗೂ ಕಳಿಸಿದ ಸಂದೇಶಕ್ಕೂ ಹೊಂದದಿದ್ದರೆ ಟೆಲಿಕಾಂ ಕಂಪನಿಗಳು ಅದನ್ನು ತಡೆಹಿಡಿಯುತ್ತವೆ. ನಿಮ್ಮ ಲಾಗಿನಲ್ಲಿ 'ಕಳಿಸಲಾಗಿದೆ' ಎಂದೇ ಇರುತ್ತದೆ, ಫೋನಿಗೆ ಬರುವುದಿಲ್ಲ. ಎಸ್‌ಎಂಎಸ್ ಸೇವೆಯವರ ತಲುಪಿದ ವರದಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

## ಲಕ್ಷಣ: ಒಳಗೆ ಬಂದರು, ಸರಕು ಸೇರಿಸದೆ ಹೋದರು

ಇಲ್ಲಿ 164 ಅಂಗಡಿಗಳಿವೆ. ಇವರಲ್ಲಿ ಪ್ರಯತ್ನ ಮಾಡಿ ಸೋತವರು ಯಾರು, ಪ್ರಯತ್ನವನ್ನೇ ಮಾಡದವರು ಯಾರು ಎಂದು ಮೊದಲು ಬೇರ್ಪಡಿಸಿ. ಉದಾಹರಣೆಯಲ್ಲಿ 97 ಅಂಗಡಿಗಳು ಸರಕಿನ ಪುಟವನ್ನು ಒಮ್ಮೆಯೂ ತೆರೆದಿಲ್ಲ. ಅವರು ನೋಡಲು ಬಂದವರು, ಅವರ ಬೆನ್ನು ಹತ್ತಬೇಕಾಗಿಲ್ಲ. ಉಳಿದ 67 ಅಂಗಡಿಗಳು ಪುಟ ತೆರೆದು ಒಂದೋ ಎರಡೋ ಸರಕು ಹಾಕಿ ಬಿಟ್ಟಿವೆ. ದೋಷ ಇರುವುದು ಇವರ ಹಾದಿಯಲ್ಲಿ.

ಈ 67 ಅಂಗಡಿಗಳ ಕೊನೆಯ ಇವೆಂಟ್ ಏನೆಂದು ನೋಡಿ. ಹೆಚ್ಚಿನವು 'ಉಳಿಸಿ' ಒತ್ತಿದ ಮೇಲೆ ಬಂದ ಒಂದೇ ಎಚ್ಚರಿಕೆಯಲ್ಲಿ ಮುಗಿದಿದ್ದರೆ ಆ ಎಚ್ಚರಿಕೆಯನ್ನೇ ಓದಿ. ಈ ಬಗೆಯ ಸಾಫ್ಟ್‌ವೇರಿನಲ್ಲಿ, ಜಿಎಸ್‌ಟಿಗಾಗಿ ಸರಕನ್ನು ವರ್ಗೀಕರಿಸುವ ಎಚ್‌ಎಸ್‌ಎನ್ ಕೋಡನ್ನು ಕಡ್ಡಾಯ ಮಾಡಿರುವುದು ಪದೇ ಪದೇ ಸಿಗುವ ತಪ್ಪು. ವರ್ಷದ ವಹಿವಾಟು 5 ಕೋಟಿಯ ಒಳಗಿರುವ ವ್ಯಾಪಾರಿ ಸಾಮಾನ್ಯ ಗಿರಾಕಿಗೆ ಕೊಡುವ ಬಿಲ್ಲಿನಲ್ಲಿ ಆ ಕೋಡ್ ಹಾಕಲೇಬೇಕೆಂದಿಲ್ಲ. ಬಂದರಿನ ಒಣಮೀನಿನ ಅಂಗಡಿಯವರು ಪ್ರತಿ ಸರಕಿಗೂ ನಾಲ್ಕಂಕಿಯ ಕೋಡ್ ಹುಡುಕುತ್ತ ಕೂರುವುದಿಲ್ಲ, ಪುಟ ಮುಚ್ಚಿ ಹಳೆಯ ಬಿಲ್‌ಪುಸ್ತಕ ತೆಗೆಯುತ್ತಾರೆ. ಆ ಖಾನೆಯನ್ನು ಐಚ್ಛಿಕ ಮಾಡಿ. ಸರಕಿನ ಅಳತೆಯಲ್ಲಿ ಕೆಜಿ, ಪೀಸ್ ಮಾತ್ರವಿದ್ದು ಬಾಕ್ಸ್, ಬುಟ್ಟಿ ಇಲ್ಲದಿದ್ದರೂ ಇದೇ ಕಥೆ.

## ಲಕ್ಷಣ: ದಿನಾ ಬಳಸುತ್ತಾರೆ, 'ಪಾವತಿಸಿ' ಕೂಡ ಒತ್ತುತ್ತಾರೆ, ದುಡ್ಡು ಬರುವುದಿಲ್ಲ

ಉದಾಹರಣೆಯ ನಿಜವಾದ ಸೋರಿಕೆ ಇಲ್ಲಿದೆ. 71 ಅಂಗಡಿಗಳು ಕಟ್ಟುತ್ತೇವೆಂದು ನಿರ್ಧರಿಸಿ ಗುಂಡಿ ಒತ್ತಿವೆ, 37 ಅಂಗಡಿಗಳ ದುಡ್ಡು ಬಂದಿಲ್ಲ. ಇವರಿಗೆ ಸಾಫ್ಟ್‌ವೇರಿನ ಉಪಯೋಗ ಏನೆಂದು ಇನ್ನು ವಿವರಿಸಬೇಕಾಗಿಲ್ಲ. ಒಂದು ಸಂದೇಹ ಬೆಲೆಯ ಮೇಲೆ ಹೋಗಬಹುದು, 499 ಎಂದು ತೋರಿಸಿ 18% ಜಿಎಸ್‌ಟಿ ಸೇರಿ 588.82 ಆಗುವುದು ಕೊನೆಗೆ ಕಂಡರೆ ಜನ ಹಿಂದೆ ಸರಿಯುತ್ತಾರೆ. ಆದರೆ ಈ ಉದಾಹರಣೆಯಲ್ಲಿ ಒಟ್ಟು ಮೊತ್ತ ಪಾವತಿ ಪುಟದಲ್ಲೇ ಇದೆ. ಹಾಗಾಗಿ ಅದರ ಪೆಟ್ಟು 96ರಿಂದ 71ಕ್ಕೆ ಇಳಿದ ಕಡೆ ಬಿದ್ದಿರಬೇಕು, ಗುಂಡಿ ಒತ್ತಿದ ಮೇಲಲ್ಲ.

ಈಗ ಗುಂಪು ಒಡೆಯಿರಿ. ಊರಿನ ಪ್ರಕಾರ ಒಡೆದರೆ ಮಂಗಳೂರು, ಉಡುಪಿ ಎರಡರಲ್ಲೂ ಅರ್ಧದ ಆಸುಪಾಸು ಬರುತ್ತದೆ, ಸುಳಿವಿಲ್ಲ. ವ್ಯಾಪಾರದ ಬಗೆಯಲ್ಲೂ ಸುಳಿವಿಲ್ಲ. ಸಾಧನದ ಪ್ರಕಾರ:

```sql
SELECT device, COUNT(*) AS pressed, COUNT(paid_at) AS paid
FROM trial_steps
WHERE pay_click_at IS NOT NULL
  AND signup_at >= '2025-03-01 00:00+05:30'
  AND signup_at <  '2025-04-01 00:00+05:30'
GROUP BY device;
```

ಮೊಬೈಲಿನಲ್ಲಿ ಒತ್ತಿದವರು 41, ಕಟ್ಟಿದವರು 27, ಅಂದರೆ 66%. ಕಂಪ್ಯೂಟರಿನಲ್ಲಿ ಒತ್ತಿದವರು 30, ಕಟ್ಟಿದವರು 7, ಅಂದರೆ 23%. ಗುಂಪುಗಳು ಸಣ್ಣವೇ, ಆದರೆ 43 ಅಂಶದ ವ್ಯತ್ಯಾಸ ಇಷ್ಟು ಜನರಲ್ಲೂ ಆಕಸ್ಮಿಕವಾಗಿ ಬರುವುದು ಬಹಳ ಕಷ್ಟ. ಅದಲ್ಲದೆ ಕೌಂಟರಿನಲ್ಲಿ ಕಂಪ್ಯೂಟರ್ ಇಟ್ಟ ಅಂಗಡಿ ಸಾಮಾನ್ಯವಾಗಿ ದೊಡ್ಡದು, ಕಟ್ಟುವ ಶಕ್ತಿ ಹೆಚ್ಚು. ಹೆಚ್ಚು ದಾಟಬೇಕಾದವರೇ ಕಡಿಮೆ ದಾಟಿದ್ದಾರೆ.

ಮುಂದಿನದು ಗೇಟ್‌ವೇಯ ಲಾಗ್. ಕಂಪ್ಯೂಟರಿನಲ್ಲಿ ಸೋತ 23 ಪ್ರಯತ್ನಗಳ ಕೊನೆಯ ಸ್ಥಿತಿ ನೋಡಿದರೆ 4 ಬ್ಯಾಂಕಿನಿಂದ ತಿರಸ್ಕೃತ, 3 ತಾವೇ ಮುಚ್ಚಿದ್ದು, 16 ಯಾರೂ ಮುಟ್ಟದೆ ಅವಧಿ ಮುಗಿದದ್ದು. ಈ ಮೂರರ ಅರ್ಥ ಬೇರೆ ಬೇರೆ. ತಿರಸ್ಕೃತ ಎಂದರೆ ಖಾತೆಯಲ್ಲಿ ಹಣ, ಮಿತಿ ಅಥವಾ ಪಿನ್ ತೊಂದರೆ. ತಾವೇ ಮುಚ್ಚಿದ್ದೆಂದರೆ ಮನಸ್ಸು ಬದಲಾಗಿದೆ. ಅವಧಿ ಮುಗಿದದ್ದೆಂದರೆ ಕಟ್ಟುವ ಕೈ ಆ ಪರದೆಯ ಮುಂದೆ ಇರಲಿಲ್ಲ.

ಇಷ್ಟರ ಮೇಲೆ ಫೋನ್ ಎತ್ತಿಕೊಳ್ಳಿ. ಆ 16ರಲ್ಲಿ ಆರೇಳು ಅಂಗಡಿಗೆ ಕರೆ ಮಾಡಿ, "ಆವತ್ತು ಪೇಮೆಂಟ್ ಪೇಜ್ ತೆರೆದ ಮೇಲೆ ಏನಾಯಿತು?" ಎಂದಷ್ಟೇ ಕೇಳಿ. ಯಾಕೆ ಕಟ್ಟಲಿಲ್ಲ ಎಂದು ಕೇಳಿದರೆ ಸಂಕೋಚದಿಂದ "ಮುಂದಿನ ತಿಂಗಳು ನೋಡುವ" ಎನ್ನುತ್ತಾರೆ. ಏನಾಯಿತು ಎಂದು ಕೇಳಿದರೆ ಬರುವ ಉತ್ತರದ ಧಾಟಿ ಇದು: "ಕ್ಯೂಆರ್ ಬಂತು ಸರ್, ಸ್ಕ್ಯಾನ್ ಮಾಡ್ಲಿಕ್ಕೆ ನನ್ನ ಫೋನಲ್ಲಿ ಅಂಗಡಿಯ ಅಕೌಂಟ್ ಇಲ್ಲ. ಧಣಿಗಳ ಫೋನ್ ಅವರ ಹತ್ರ ಉಂಟು, ಅವರು ಬರುವುದು ಸಂಜೆ. ಬಂದು ನೋಡುವಾಗ ಅದು ಹೋಗಿತ್ತು."

ಕೌಂಟರಿನ ಹುಡುಗ ಎರಡು ವಾರ ಬಿಲ್ ಮಾಡಿದ್ದಾನೆ, ಟ್ರಯಲ್ ಮುಗಿಯುವ ದಿನ ಗುಂಡಿಯನ್ನೂ ಅವನೇ ಒತ್ತಿದ್ದಾನೆ. ದುಡ್ಡಿನ ಒಪ್ಪಿಗೆ ಮಾತ್ರ ಧಣಿಯದ್ದು. ಹತ್ತು ನಿಮಿಷ ಆಯುಷ್ಯದ ಕ್ಯೂಆರ್ ಸಂಜೆಯವರೆಗೆ ಕಾಯುವುದಿಲ್ಲ. ಮೊಬೈಲಿನಲ್ಲಿ ಒತ್ತಿದವರು ಬಹುಪಾಲು ಧಣಿಗಳೇ, ಅವರಿಗೆ ಯುಪಿಐ ಆ್ಯಪ್ ಅದೇ ಫೋನಿನಲ್ಲಿ ತೆರೆಯುತ್ತದೆ. ಅದಕ್ಕೇ ಅಲ್ಲಿ 66%.

ಮದ್ದು ಎರಡು ತುಂಡಿನದು. ಪಾವತಿ ಪುಟದಲ್ಲಿ 'ಯಜಮಾನರಿಗೆ ಕಳಿಸಿ' ಎಂಬ ಗುಂಡಿ, ಅದರಿಂದ ವಾಟ್ಸಾಪಿಗೆ ಹೋಗುವ, 3 ದಿನ ಬಾಳುವ ಪಾವತಿ ಕೊಂಡಿ. ಆ ಕೊಂಡಿ ತೆರೆದಾಗ ಅಂಗಡಿಯ ಹೆಸರು, ಎರಡು ವಾರದಲ್ಲಿ ಮಾಡಿದ ಬಿಲ್ಲುಗಳ ಸಂಖ್ಯೆ, ಜಿಎಸ್‌ಟಿ ಸೇರಿದ ಮೊತ್ತ ಮೂರೂ ಕಾಣಬೇಕು. ಸಾಫ್ಟ್‌ವೇರನ್ನು ಕಣ್ಣಲ್ಲೇ ನೋಡದ ಧಣಿ ಬರೀ 588.82 ಎಂಬ ಅಂಕಿ ನೋಡಿ ಒಪ್ಪಿಗೆ ಕೊಡುವುದಿಲ್ಲ.

ಎಚ್ಚರಿಕೆ: ಪರೀಕ್ಷೆಗೆ ಗೇಟ್‌ವೇಯ ಟೆಸ್ಟ್ ಮೋಡ್ ಬಳಸಿ, ಗ್ರಾಹಕರ ಖಾತೆಯಿಂದ ಒಂದು ರೂಪಾಯಿಯನ್ನೂ 'ಸುಮ್ಮನೆ ನೋಡಲು' ಎಳೆಯಬೇಡಿ. ಯುಪಿಐ ಪಿನ್, ಕಾರ್ಡ್ ನಂಬರ್ ಫೋನಿನಲ್ಲಿ ಕೇಳಲೇಬೇಡಿ. ಕರೆ ಬಂದ ಅಂಗಡಿಯವರು ನಿಮ್ಮನ್ನು ಮೋಸಗಾರರೆಂದು ತಿಳಿದರೆ ಅದು ಅವರ ತಪ್ಪಲ್ಲ.

## ಲಕ್ಷಣ: ಆರಂಭದಲ್ಲೇ ಆಟೋಪೇ ಪಡೆದಿದ್ದೀರಿ, 15ನೇ ದಿನ ದುಡ್ಡು ಬರುವುದಿಲ್ಲ

ನಿಮ್ಮ ಟ್ರಯಲ್ ಈ ಬಗೆಯದ್ದಾಗಿದ್ದರೆ ಫನಲ್‌ನ ಆಕಾರವೇ ಬೇರೆ. ಬಾಗಿಲಲ್ಲೇ ಬಹಳ ಜನ ಹೋಗುತ್ತಾರೆ, ಉಳಿದವರಲ್ಲಿ ಹೆಚ್ಚಿನವರು ಕಟ್ಟುತ್ತಾರೆ. ಕಾರ್ಡ್ ಕೇಳದ ಟ್ರಯಲಿನ ಶೇಕಡಾ ಜೊತೆ ಇದನ್ನು ಹೋಲಿಸಬೇಡಿ. ದುಡ್ಡು ಬರದಿದ್ದಾಗ ಮೊದಲು ನೋಡಬೇಕಾದದ್ದು ಮುನ್ಸೂಚನೆ ಹೋಗಿದೆಯೇ ಎಂದು. ಕಾರ್ಡಿನ ಮರುಕಳಿಸುವ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ, 2021ರ ಅಕ್ಟೋಬರ್‌ನಿಂದ ಕಟ್ಟುನಿಟ್ಟಾಗಿದೆ. ಸೂಚನೆ ನೋಡಿ ರದ್ದು ಮಾಡಿದವರು, ಬ್ಯಾಂಕಿನಲ್ಲಿ ಹಣ ಸಾಲದೆ ತಪ್ಪಿದವರು ಇಬ್ಬರನ್ನೂ ಒಂದೇ ಸಾಲಿನಲ್ಲಿ ಇಡಬೇಡಿ. ಎರಡನೆಯವರಿಗೆ ಎರಡು ದಿನ ಬಿಟ್ಟು ಒಂದು ಸಂದೇಶ ಸಾಕಾಗುತ್ತದೆ.

ರದ್ದು ಮಾಡುವ ಗುಂಡಿಯನ್ನು ಮರೆಮಾಡಿ ಶೇಕಡಾ ಏರಿಸುವ ಯೋಚನೆ ಯಾರಾದರೂ ಮುಂದಿಟ್ಟರೆ ಅಲ್ಲೇ ನಿಲ್ಲಿಸಿ. ಚಂದಾದಿಂದ ಹೊರಬರಲು ಬಿಡದಿರುವುದು 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹೆಸರಿಸಿದ ಮೋಸದ ವಿಧಾನ.

## ಎಲ್ಲಿ ನಿಲ್ಲಿಸಿ, ಯಾರನ್ನು ಕೇಳಬೇಕು

ಗುಂಪನ್ನು ಒಡೆಯುತ್ತ ಹೋಗಿ ಒಂದು ಹಂತದಲ್ಲಿ 20–30 ಅಂಗಡಿಗಳಿಗಿಂತ ಕಡಿಮೆ ಉಳಿದರೆ ಇನ್ನಷ್ಟು ಒಡೆಯಬೇಡಿ. ಹತ್ತು ಬಗೆಯಲ್ಲಿ ಸೀಳಿದರೆ ಏನಾದರೊಂದು ವ್ಯತ್ಯಾಸ ಸಿಕ್ಕೇ ಸಿಗುತ್ತದೆ, ಅದರಲ್ಲಿ ಹುರುಳಿರಬೇಕೆಂದಿಲ್ಲ. ಅಲ್ಲಿಂದ ಮುಂದೆ ಕರೆ ಮಾಡುವುದೇ ದಾರಿ. ಗೇಟ್‌ವೇಯಲ್ಲಿ ದುಡ್ಡು ಕಡಿತವಾಗಿ ನಿಮ್ಮಲ್ಲಿ 'ಕಟ್ಟಿಲ್ಲ' ಎಂದಿದ್ದರೆ ವಿಶ್ಲೇಷಣೆ ಬದಿಗಿಟ್ಟು, ವ್ಯವಹಾರದ ಐಡಿಗಳ ಸಮೇತ ಅದೇ ದಿನ ಗೇಟ್‌ವೇಯ ಸಹಾಯ ವಿಭಾಗಕ್ಕೆ ಬರೆಯಿರಿ, ಆ ಅಂಗಡಿಗಳ ಸೇವೆಯನ್ನು ತೆರೆದೇ ಇಡಿ. ಎಚ್‌ಎಸ್‌ಎನ್, ಜಿಎಸ್‌ಟಿ ಖಾನೆಗಳನ್ನು ಬದಲಿಸುವ ಮೊದಲು ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಿ.

ಸರಿಪಡಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ವಾಟ್ಸಾಪ್ ಕೊಂಡಿಯನ್ನು ಮೇ 1ಕ್ಕೆ ಬಿಟ್ಟರೆ ಮೇ ಗುಂಪಿನ ಲೆಕ್ಕ ಮುಚ್ಚುವುದು ಜೂನ್ 21ಕ್ಕೆ. ಆ ದಿನ ಒಟ್ಟು ಶೇಕಡಾ ನೋಡುವ ಮೊದಲು, ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದವರಲ್ಲಿ ಎಷ್ಟು ಜನ ಕಟ್ಟಿದರು ಎಂಬ ಒಂದು ಸಾಲನ್ನು ನೋಡಿ. 23% ಮೇಲೆದ್ದು ಮೊಬೈಲಿನವರ 66% ಹಾಗೇ ಉಳಿದಿದ್ದರೆ ಹಿಡಿದ ದೋಷ ಸರಿ. ಎರಡೂ ಒಟ್ಟಿಗೆ ಏರಿದ್ದರೆ ಏರಿಸಿದ್ದು ಬೇರೆ ಯಾವುದೋ ಸಂಗತಿ, ಅವಧಿ ಮುಗಿದ ಪ್ರಯತ್ನಗಳ ಪಟ್ಟಿಯನ್ನು ಮತ್ತೆ ತೆಗೆಯಬೇಕು.